ಹಾಡುವ ಮುಖ ಎಷ್ಟು, ಕಥೆ ಎಷ್ಟು: ಒಂದು ಮ್ಯೂಸಿಕ್ ವಿಡಿಯೊದ ಟ್ರೀಟ್‌ಮೆಂಟ್ ಕಟ್ಟಿದ ಲಾಗ್

ಹಾಡಿನ ಉದ್ದ 3 ನಿಮಿಷ 40 ಸೆಕೆಂಡ್. ವೇಗ 96 ಬಿಪಿಎಂ, ಅಂದರೆ ನಿಮಿಷಕ್ಕೆ 96 ಬೀಟ್. ಗಾಯಕಿಗೆ ಲೇಬಲ್ ಇಲ್ಲ, ಹಾಡು ಅವರದೇ, ವಿಡಿಯೊದ ಖರ್ಚೂ ಅವರದೇ. ಮೊದಲ ಮಾತುಕತೆಯಲ್ಲೇ ಎರಡು ವಿಷಯ ಹೇಳಿದರು. "ಹಾಡು ಮುಗಿಯೋ ಹೊತ್ತಿಗೆ ಜನಕ್ಕೆ ನನ್ನ ಮುಖ ಗುರುತು ಸಿಗಬೇಕು." ಸರಿ. "ಆದರೆ ಸುಮ್ನೆ ನಿಂತು ಹಾಡೋ ವಿಡಿಯೊ ಬೇಡ, ಒಂದು ಕಥೆ ಬೇಕು." ಇದೂ ಸರಿ. ಎರಡೂ ಒಟ್ಟಿಗೆ ಬೇಕು ಅಂದಾಗಲೇ ಕಷ್ಟ. ಕಥೆಗೆ ಕೊಟ್ಟ ಪ್ರತಿ ಸೆಕೆಂಡ್ ಮುಖದಿಂದ ಕಿತ್ತುಕೊಂಡ ಸೆಕೆಂಡ್ ಆಗಿರುತ್ತದೆ.

ಶೂಟ್‌ಗೆ ಮೊದಲು ಬರೆದುಕೊಡುವ ವಿಡಿಯೊದ ರೂಪರೇಖೆಯೇ ಟ್ರೀಟ್‌ಮೆಂಟ್. ಸಾಮಾನ್ಯವಾಗಿ ಅದರಲ್ಲಿ ಇರುವುದು ಚಂದದ ನಾಲ್ಕು ಫೋಟೊ, ಬಣ್ಣದ ಪಟ್ಟಿ, ಮೂಡ್ ಬಗ್ಗೆ ಎರಡು ಪ್ಯಾರಾ. ಒಪ್ಪಿಗೆ ಪಡೆಯಲು ಅದು ಸಾಕು, ಶೂಟ್ ಮಾಡಲು ಸಾಲದು. ಎಲ್ಲಿ ಹಾಡುವ ಮುಖ, ಎಲ್ಲಿ ಕಥೆ ಅನ್ನುವುದು ಕಾಗದದ ಮೇಲೆ ಇಲ್ಲದಿದ್ದರೆ ಅದನ್ನು ಎಡಿಟ್ ಟೇಬಲ್ ಮೇಲೆ ತೀರ್ಮಾನಿಸಬೇಕಾಗುತ್ತದೆ, ಅಷ್ಟು ಹೊತ್ತಿಗೆ ಬೇಕಾದ ಶಾಟ್ ಇರುವುದಿಲ್ಲ, ಬೇಡದ್ದು ಗಂಟೆಗಟ್ಟಲೆ ಇರುತ್ತದೆ. ಹಾಗಾಗಿ ಈ ಸಲ ಫೋಟೊಗಿಂತ ಮೊದಲು ಬಾರ್‌ಗಳ ನಕ್ಷೆ ಮಾಡಿದೆ.

ಹಾಡನ್ನು ಬಾರ್‌ಗಳಾಗಿ ಬಿಡಿಸುವುದು

96 ಬಿಪಿಎಂ ಲೆಕ್ಕಕ್ಕೆ ಬಹಳ ಒಳ್ಳೆಯ ವೇಗ. ಒಂದು ಬೀಟ್ 0.625 ಸೆಕೆಂಡ್. ನಾಲ್ಕು ಬೀಟ್ ಸೇರಿದ ಒಂದು ಬಾರ್ 2.5 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಎಡಿಟ್ ಮಾಡಿದರೆ ಒಂದು ಬೀಟ್‌ಗೆ ಸರಿಯಾಗಿ 15 ಫ್ರೇಮ್, ಬಾರ್‌ಗೆ 60. ಪೂರ್ತಿ ಹಾಡು 88 ಬಾರ್. ಎಲ್ಲ ಹಾಡೂ ಇಷ್ಟು ನೀಟಾಗಿ ಕೂರುವುದಿಲ್ಲ, ಆದರೆ ಬಾರ್ ಎಣಿಸುವುದು ಯಾವ ಹಾಡಿಗೂ ಸಾಧ್ಯ. ಸೆಕೆಂಡ್ ಎಣಿಸುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಗಾಯಕಿ, ಕ್ಯಾಮೆರಾದವರು, ಎಡಿಟ್ ಮಾಡುವವರು ಮೂವರೂ "ಎರಡನೇ ಚರಣದ ಐದನೇ ಬಾರ್" ಅಂದರೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ನಮ್ಮ ಹಾಡು ಹೀಗಿತ್ತು: ಇಂಟ್ರೋ 8 ಬಾರ್, ಮೊದಲ ಚರಣ 16, ಪಲ್ಲವಿ 8, ಪುಟ್ಟ ಇಂಟರ್‌ಲೂಡ್ 4, ಎರಡನೇ ಚರಣ 16, ಪಲ್ಲವಿ 8, ಬ್ರಿಡ್ಜ್ 8, ಕೊನೆಯ ಪಲ್ಲವಿ ಎರಡು ಸಲ ಬರುವುದರಿಂದ 16, ಔಟ್ರೋ 4.

ಇಲ್ಲೊಂದು ಷರತ್ತು ಹಾಕಿದ್ದೆ. ನಕ್ಷೆ ಮಾಡುವ ಮೊದಲು ಹಾಡಿನ ಅರೇಂಜ್‌ಮೆಂಟ್ ಮುಗಿದಿರಬೇಕು. ಮಾಸ್ಟರಿಂಗ್ ಆಮೇಲೆ ಆಗಲಿ, ಡ್ರಮ್ಸ್ ಸ್ವಲ್ಪ ಏರಿಸಲಿ, ಪರವಾಗಿಲ್ಲ. ಆದರೆ ಎರಡು ಬಾರ್ ಕಿತ್ತುಹಾಕುವುದು, ಟೆಂಪೊ ಅರ್ಧ ಬಿಪಿಎಂ ಬದಲಿಸುವುದು, ಇದೆಲ್ಲ ಶೂಟ್ ಆದ ಮೇಲೆ ನಡೆದರೆ ತುಟಿ ಹಾಡಿಗೆ ಕೂರುವುದಿಲ್ಲ.

ಕಥೆ: ಒಂದು ವಸ್ತು, ಒಂದು ಬದಲಾವಣೆ

ಗಾಯಕಿಯ ಬಳಿ ಒಂದು ಕಥೆ ಆಗಲೇ ಇತ್ತು. ಇಬ್ಬರು ಅಕ್ಕತಂಗಿಯರು, ಬಾಲ್ಯ, ಮದುವೆ, ಜಗಳ, ಹತ್ತು ವರ್ಷದ ಮೌನ, ಕೊನೆಗೆ ಸೇರುವುದು. ಒಳ್ಳೆಯ ಕಥೆಯೇ. ಆದರೆ ಕಟ್‌ಅವೇಗೆ, ಅಂದರೆ ಹಾಡುವ ಮುಖ ಬಿಟ್ಟು ಕಥೆ ತೋರಿಸುವ ಶಾಟ್‌ಗಳಿಗೆ, ನನಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ನಿಮಿಷ, ಅದೂ ತುಂಡು ತುಂಡಾಗಿ, ಮಾತಿಲ್ಲದೆ. ಇಷ್ಟರಲ್ಲಿ ಹತ್ತು ವರ್ಷ ತೋರಿಸಲು ಹೋದರೆ ಪ್ರತಿ ಶಾಟ್ "ಈಗ ಯಾವ ಕಾಲ, ಇವರು ಯಾರು" ಅಂತ ವಿವರಿಸುವುದರಲ್ಲೇ ಮುಗಿಯುತ್ತದೆ.

ಆದ್ದರಿಂದ ಕೊನೆಯ ಒಂದೇ ಮಧ್ಯಾಹ್ನ ಇಟ್ಟುಕೊಂಡೆವು. ಅಕ್ಕತಂಗಿ ಸೇರಿ ಅಮ್ಮನ ಮನೆ ಖಾಲಿ ಮಾಡುತ್ತಿದ್ದಾರೆ. ಮಾರಲು ಇಟ್ಟ ಸಾಮಾನಿಗೆಲ್ಲ ಹಳದಿ ಚೀಟಿ ಅಂಟಿಸಿದ್ದಾರೆ. ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್‌ಗೂ ಅಕ್ಕ ಚೀಟಿ ಅಂಟಿಸುತ್ತಾಳೆ, ತಂಗಿ ಅದನ್ನು ಕಿತ್ತುಹಾಕುತ್ತಾಳೆ. ಕಥೆಯೆಲ್ಲ ಇಷ್ಟೇ.

ಹೊಲಿಗೆ ಮಿಷನ್ ಆರಿಸಿದ್ದಕ್ಕೆ ನೆನಪು, ಭಾವನೆ ಅಷ್ಟೇ ಕಾರಣ ಅಲ್ಲ. ಕಬ್ಬಿಣದ ಸ್ಟ್ಯಾಂಡ್ ಇರುವ ಮಿಷನ್ ಒಬ್ಬರಿಂದ ಎತ್ತಲು ಆಗುವುದಿಲ್ಲ. ತಂಗಿ ಒಬ್ಬಳೇ ಎಳೆಯಲು ಹೋಗಿ ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಕೊನೆಗೆ ಅಕ್ಕ ಬಂದು ಇನ್ನೊಂದು ಕಡೆ ಹಿಡಿಯುತ್ತಾಳೆ. ರಾಜಿ ಆಯಿತು ಅಂತ ಮುಖಭಾವದಲ್ಲಿ ತೋರಿಸಬೇಕಾಗಿಲ್ಲ, ಭಾರವೇ ತೋರಿಸುತ್ತದೆ. ಮಾತಿಲ್ಲದ ಕಥೆಗೆ ವಸ್ತು ಹುಡುಕುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ವಸ್ತುವಿನ ಜೊತೆ ಪಾತ್ರ ಏನಾದರೂ *ಮಾಡಲೇಬೇಕಾ*? ಫೋಟೊ ಆಲ್ಬಂ ಆಗಿದ್ದರೆ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಬಿಟ್ಟು ಬೇರೆ ಕೆಲಸ ಇರುತ್ತಿರಲಿಲ್ಲ.

ಹಾಡುವ ಭಾಗಕ್ಕೂ ಅದೇ ಮನೆ. ಆದರೆ ಪೂರ್ತಿ ಖಾಲಿಯಾದ ಮನೆ. ಅಂದರೆ ಗಾಯಕಿ ಇರುವುದು "ಆಮೇಲೆ"ಯಲ್ಲಿ, ಕಥೆ ನಡೆಯುವುದು "ಮುಂಚೆ". ಪ್ರತಿ ಕಟ್‌ಅವೇ ಮನೆಯನ್ನು ಸ್ವಲ್ಪ ಖಾಲಿ ಮಾಡುತ್ತಾ ಗಾಯಕಿ ಇರುವ ಕೋಣೆಯ ಕಡೆಗೆ ಸಾಗುತ್ತದೆ. ಎರಡು ಎಳೆಗೂ ಸಂಬಂಧ ಸಿಕ್ಕಿತು, ಲೊಕೇಶನ್ ಒಂದೇ ಆಯಿತು, ಶೂಟ್ ಕ್ರಮವೂ ತಾನಾಗಿಯೇ ಬಂತು: ಮೊದಲು ಕಥೆ, ಸಾಮಾನು ಹೊರಗೆ ಹೋದ ಮೇಲೆ ಹಾಡು.

ಎಷ್ಟಕ್ಕೆ ಎಷ್ಟು

ಮೊದಲು ಒಂದು ಅನಿಮ್ಯಾಟಿಕ್, ಅಂದರೆ ಶೂಟ್‌ಗೆ ಮುಂಚೆ ನೋಡಿಕೊಳ್ಳಲು ಒಂದು ಕಚ್ಚಾ ವಿಡಿಯೊ ಮಾಡಿದೆ. ಗಾಯಕಿ ಪೂರ್ತಿ ಹಾಡು ಹಾಡುವುದನ್ನು ಫೋನಿನಲ್ಲಿ ತೆಗೆದು ಟೈಮ್‌ಲೈನ್ ಮೇಲೆ ಹಾಸಿದೆ, ಕಥೆಯ ಶಾಟ್‌ಗಳಿಗೆ ಗೆಳೆಯರನ್ನು ನಿಲ್ಲಿಸಿ ತೆಗೆದ ಸ್ಟಿಲ್ ಫೋಟೊಗಳು. ಎರಡು ಹಂಚಿಕೆ ಮಾಡಿ ಹೋಲಿಸಿದೆ.

ಒಂದರಲ್ಲಿ ಅರ್ಧ ಮುಖ, ಅರ್ಧ ಕಥೆ, ಒಂದೊಂದು ಬಾರ್‌ಗೆ ಅದಲುಬದಲು. ಕಾಗದದ ಮೇಲೆ ಇದು ಸಮತೋಲನ. ನೋಡಿದರೆ ಎರಡೂ ತೆಳ್ಳಗೆ. 2.5 ಸೆಕೆಂಡಿಗೊಮ್ಮೆ ಜಾಗ ಬದಲಾದಾಗ ಕಣ್ಣಿಗೆ "ಈಗ ಎಲ್ಲಿದ್ದೇವೆ" ಅಂತ ಮತ್ತೆ ಮತ್ತೆ ಹೊಂದಿಕೊಳ್ಳುವುದೇ ಕೆಲಸ. ಗಾಯಕಿ ಒಂದು ಸಾಲು ಶುರು ಮಾಡಿದರೆ ಅದು ಮುಗಿಯುವುದು ಇನ್ಯಾರದೋ ಕೈ ಮೇಲೆ.

ಇನ್ನೊಂದರಲ್ಲಿ ಸಮತೋಲನವನ್ನು ಇಡೀ ಹಾಡಿಗೆ ಲೆಕ್ಕ ಹಾಕದೆ, ಆಯಾ ಭಾಗಕ್ಕೆ ಹಾಕಿದೆ. ಕೆಲವು ಭಾಗ ಪೂರ್ತಿ ಮುಖದ್ದು, ಕೆಲವು ಪೂರ್ತಿ ಕಥೆಯದ್ದು. ಅದೇ ಉಳಿಯಿತು. ಅಂತಿಮ ನಕ್ಷೆ ಹೀಗೆ.

ಇಂಟ್ರೋದಲ್ಲಿ ಮೊದಲ ನಾಲ್ಕು ಬಾರ್ ಕಥೆ: ರಟ್ಟಿನ ಡಬ್ಬಿಗಳು, ಹಳದಿ ಚೀಟಿಗಳು, ಬಾಗಿಲ ಚೌಕಟ್ಟು. ಐದು, ಆರನೇ ಬಾರ್‌ನಲ್ಲಿ ಗಾಯಕಿ, ಖಾಲಿ ಕೋಣೆ, ಬಾಯಿ ಮುಚ್ಚಿದೆ, ಲೆನ್ಸ್ ಕಡೆ ನೋಡುತ್ತಾರೆ. ಅಂದರೆ ಹತ್ತನೇ ಸೆಕೆಂಡಿಗೆ ಮುಖ ಬಂತು. ಕೊನೆಯ ಎರಡು ಬಾರ್‌ನಲ್ಲಿ ಮಿಷನ್ ಮೇಲಿನ ಬಟ್ಟೆ ಸರಿಯುತ್ತದೆ. ಮೊದಲ ಚರಣದ ಮೊದಲ 8 ಬಾರ್, 20 ಸೆಕೆಂಡ್, ಬರೀ ಗಾಯಕಿ. ಇಲ್ಲಿ ಕೈ ತಡೆದುಕೊಳ್ಳಲೇಬೇಕು. ಹಾಡುವವರು ಯಾರು ಅಂತ ನೋಡುಗರಿಗೆ ಕೂರುವ ಮೊದಲೇ ಕಥೆಗೆ ಓಡಿದರೆ ಧ್ವನಿ ಹಿನ್ನೆಲೆ ಸಂಗೀತ ಆಗಿಬಿಡುತ್ತದೆ. ಉಳಿದ 8ರಲ್ಲಿ 4 ಮಾತ್ರ ಕಥೆಗೆ, ಅಲ್ಲಿ ಚೀಟಿ ಅಂಟುತ್ತದೆ, ಕಿತ್ತುಹೋಗುತ್ತದೆ. ಮೊದಲ ಪಲ್ಲವಿಯಲ್ಲಿ ಕಟ್‌ಅವೇ ಇಲ್ಲವೇ ಇಲ್ಲ. ಇಂಟರ್‌ಲೂಡ್‌ನ ನಾಲ್ಕೂ ಬಾರ್ ಕಥೆಗೆ: ಅಕ್ಕ ಚೀಟಿ ಇಲ್ಲದ್ದನ್ನು ನೋಡಿ ಮತ್ತೆ ಅಂಟಿಸುತ್ತಾಳೆ.

ಎರಡನೇ ಚರಣ ಅರ್ಧ ಅರ್ಧ, ಎಂಟು ಎಂಟು. ತಂಗಿ ಮಿಷನ್ ಎಳೆಯುವುದು, ಹೊಸ್ತಿಲಲ್ಲಿ ಸಿಕ್ಕುವುದು ಇಲ್ಲಿ. ಎರಡನೇ ಪಲ್ಲವಿಯಲ್ಲಿ 2 ಬಾರ್ ಮಾತ್ರ ಕಥೆ, ತಂಗಿ ಅಲ್ಲೇ ಕೂತು ಚಕ್ರ ತಿರುಗಿಸುತ್ತಾಳೆ. ಬ್ರಿಡ್ಜ್‌ನ ಎಂಟೂ ಬಾರ್ ಕಥೆ, ಅಕ್ಕ ಬಂದು ಎತ್ತುವುದು. ಕೊನೆಯ ಪಲ್ಲವಿಯ 16ರಲ್ಲಿ 12 ಗಾಯಕಿ, 4 ಕಥೆ. ಔಟ್ರೋ ಪೂರ್ತಿ ಗಾಯಕಿ.

ಕೂಡಿದರೆ ಕಥೆಗೆ 36 ಬಾರ್, 90 ಸೆಕೆಂಡ್. ಗಾಯಕಿಗೆ 52 ಬಾರ್, 130 ಸೆಕೆಂಡ್. ಶೇಕಡಾ 41 ಮತ್ತು 59. ಈ ಅಂಕಿಯನ್ನು ಮೊದಲೇ ಗುರಿ ಇಟ್ಟುಕೊಂಡಿರಲಿಲ್ಲ, ನಕ್ಷೆ ಕೂಡಿದಾಗ ಬಂದದ್ದು. ಬೇರೆ ಹಾಡಿಗೆ ಬೇರೆ ಬರುತ್ತದೆ. ಮಾತು ತುಂಬಿದ ರ‍್ಯಾಪ್‌ಗೆ ಇಷ್ಟು ಕಥೆ ಹಿಡಿಸುವುದು ನನಗಂತೂ ಅನುಮಾನ.

ಬ್ರಿಡ್ಜ್ ಬಗ್ಗೆ ಗಾಯಕಿ ತಕರಾರು ಎತ್ತಿದರು. "ಇಪ್ಪತ್ತು ಸೆಕೆಂಡ್ ನಾನು ಕಾಣೋದೇ ಇಲ್ವಲ್ಲ." ನಿಜ. ಆದರೆ ಅಲ್ಲಿ ಪದಗಳಿಲ್ಲ, ಬರೀ ಆಲಾಪದ ಥರದ ಗುನುಗು. ಪದ ಇಲ್ಲದ ಕಡೆ ಬಾಯಿ ತೋರಿಸಿ ಸಿಗುವುದು ಕಡಿಮೆ, ಕಥೆಗೆ ಸಿಗುವುದು ಜಾಸ್ತಿ. ಅನಿಮ್ಯಾಟಿಕ್ ತೋರಿಸಿದ ಮೇಲೆ ಒಪ್ಪಿದರು, ಆದರೆ ಬ್ರಿಡ್ಜ್ ಮುಗಿದ ತಕ್ಷಣ ತಮ್ಮ ಮುಖ ಬರುವ ರೀತಿ ಸುಮ್ನೆ ಒಂದು ಕಟ್ ಆಗಿರಬಾರದು ಅಂದರು. ಒಳ್ಳೆಯ ಬೇಡಿಕೆ, ಆಮೇಲೆ ಬರುತ್ತೇನೆ.

ಬೇರೆ ಬೇರೆ ನೋಡುವ ಪರೀಕ್ಷೆ

ಅನಿಮ್ಯಾಟಿಕ್‌ನಿಂದ ಕಥೆಯ 90 ಸೆಕೆಂಡ್ ಮಾತ್ರ ಬೇರೆ ತೆಗೆದು, ಸದ್ದಿಲ್ಲದೆ, ಹಾಡು ಕೇಳದ ಒಬ್ಬರಿಗೆ ತೋರಿಸಿ "ಏನಾಯ್ತು ಹೇಳಿ" ಅಂದೆ. ಅವರು ಹೇಳಿದ್ದು: ಮನೆ ಓನರ್ ಒಬ್ಬರು, ಬಾಡಿಗೆಗೆ ಇದ್ದವರು ಒಬ್ಬರು, ಮಿಷನ್ ಯಾರದ್ದು ಅಂತ ಜಗಳ. ಅಕ್ಕತಂಗಿ ಅನ್ನುವುದೇ ದಾಟಿರಲಿಲ್ಲ.

ಅದಕ್ಕೆ ಇಂಟ್ರೋದ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳು ಬಂದವು. ಮಕ್ಕಳ ಎತ್ತರ ಗುರುತು ಹಾಕಿದ ಗೆರೆಗಳು, ಎರಡು ಸಾಲು, ಒಂದು ಸಾಲು ಯಾವಾಗಲೂ ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಇಬ್ಬರೂ ಅದರ ಮುಂದೆ ಹಾದುಹೋಗುತ್ತಾರೆ. ಎರಡು ಬಾರ್‌ನ ಒಂದೇ ಶಾಟ್. ಇದನ್ನು ಸೇರಿಸಿ ಇನ್ನೊಬ್ಬರಿಗೆ ತೋರಿಸಿದಾಗ "ಅಕ್ಕತಂಗಿ, ಅಮ್ಮನ ಮಿಷನ್" ಅಂತ ಕೇಳದೆಯೇ ಹೇಳಿದರು. ಅಮ್ಮ ಎಲ್ಲೂ ಕಾಣಿಸುವುದಿಲ್ಲ, ಆದರೂ ಬಂದಳು.

ಹಾಡುವ ಎಳೆಗೂ ಇದೇ ಪರೀಕ್ಷೆ. ಕಥೆ ತೆಗೆದು ಪೂರ್ತಿ 3:40 ಗಾಯಕಿಯನ್ನೇ ನೋಡಿದೆ. ಎರಡನೇ ಚರಣದಲ್ಲಿ ಬೇಜಾರಾಯಿತು, ಮೊದಲ ಚರಣದ ಥರವೇ ಇತ್ತು. ಕಟ್‌ಅವೇ ಹಾಕಿ ಆ ಬೇಜಾರನ್ನು ಮುಚ್ಚಬಹುದು, ಬಹಳ ಜನ ಮಾಡುವುದು ಅದೇ. ಆದರೆ ಕಥೆಯಿಂದ ವಾಪಸ್ ಬಂದಾಗ ಗಾಯಕಿ ಬಿಟ್ಟ ಜಾಗದಲ್ಲೇ, ಅದೇ ಭಂಗಿಯಲ್ಲಿ ಇದ್ದರೆ ಕಥೆ ಅವರನ್ನು ಮುಟ್ಟಲಿಲ್ಲ ಅನ್ನಿಸುತ್ತದೆ. ಹಾಗಾಗಿ ಟ್ರೀಟ್‌ಮೆಂಟ್‌ನಲ್ಲಿ ಹಾಡುವ ಭಾಗಕ್ಕೂ ಮೂರು ಹಂತ ಬರೆದೆ. ಮೊದಲ ಚರಣ, ಪಲ್ಲವಿ: ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಕ್ಯಾಮೆರಾ ಅಲುಗಾಡದೆ. ಎರಡನೇ ಚರಣದಿಂದ: ಎದ್ದು ನಿಂತಿದ್ದಾರೆ, ಕಿಟಕಿ ಹತ್ತಿರ, ಕ್ಯಾಮೆರಾ ನಿಧಾನಕ್ಕೆ ಹತ್ತಿರ ಬರುತ್ತದೆ. ಕೊನೆಯ ಪಲ್ಲವಿ: ಕೋಣೆಯ ನಡುವೆ, ಮಿಷನ್ ಇದ್ದ ಜಾಗದಲ್ಲಿ.

ಎರಡು ಎಳೆ ಗುರುತಿಸುವುದು

ಒಂದೇ ಮನೆ ಆದ್ದರಿಂದ ಗೊಂದಲ ಆಗುವ ಸಾಧ್ಯತೆ ಇತ್ತು. ಕ್ಯಾಮೆರಾದವರ ಜೊತೆ ಕೂತು ಮೂರೇ ನಿಯಮ ಮಾಡಿದೆವು. ಹಾಡುವಾಗ ಗಾಯಕಿ ಲೆನ್ಸ್ ಒಳಗೇ ನೋಡುತ್ತಾರೆ, ಕಥೆಯಲ್ಲಿ ಯಾರೂ ಲೆನ್ಸ್ ನೋಡುವುದಿಲ್ಲ. ಕಥೆ ಕೈಯಲ್ಲಿ ಹಿಡಿದ ಕ್ಯಾಮೆರಾ, 35 ಎಂಎಂ ಲೆನ್ಸ್. ಹಾಡು ಟ್ರೈಪಾಡ್ ಅಥವಾ ಸ್ಲೈಡರ್, ಹೆಚ್ಚಾಗಿ 85. ಮೂರನೆಯದು ಬೆಳಕು. ಕಥೆಗೆ ಕಿಟಕಿ ಮುಚ್ಚಿ ಬೆಚ್ಚನೆಯ ಬಲ್ಬ್‌ಗಳು, ಸುಮಾರು 3200 ಕೆಲ್ವಿನ್. ಹಾಡಿಗೆ ಬರೀ ಕಿಟಕಿಯ ಹಗಲು ಬೆಳಕು, 5600ರ ಆಸುಪಾಸು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎರಡಕ್ಕೂ 4300ಕ್ಕೇ ಕಟ್ಟಿಹಾಕಿದೆವು. ಆಟೊ ಬಿಟ್ಟಿದ್ದರೆ ಅದು ಎರಡನ್ನೂ ಬಿಳಿ ಮಾಡಿ ವ್ಯತ್ಯಾಸವನ್ನೇ ಅಳಿಸಿಬಿಡುತ್ತಿತ್ತು. ಹೀಗೆ ಮಾಡಿದ್ದರಿಂದ ಕಥೆ ಕಿತ್ತಳೆ ಕಡೆಗೆ, ಹಾಡು ನೀಲಿ ಕಡೆಗೆ ತಾನಾಗಿಯೇ ವಾಲಿತು. ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಮಾಡಬೇಕಾದ್ದು ಕಡಿಮೆ ಉಳಿಯಿತು.

ಇನ್ನೊಂದು ನಿಯಮ ಸಾಹಿತ್ಯಕ್ಕೆ ಸಂಬಂಧಿಸಿದ್ದು. ಹಾಡಿನಲ್ಲಿ "ಬಾಗಿಲು" ಅಂದಾಗ ಬಾಗಿಲು ತೋರಿಸುವುದಿಲ್ಲ. ಕಿವಿಗೆ ಬಿದ್ದದ್ದನ್ನೇ ಕಣ್ಣಿಗೂ ಹಾಕಿದರೆ ಎರಡರಲ್ಲಿ ಒಂದು ವ್ಯರ್ಥ. ಬೇಕಿದ್ದರೆ ಒಂದು ಸಾಲು ಮುಂಚೆ ತೋರಿಸಿ, ಆಗ ಪದ ಬಂದಾಗ ನೋಡುಗರೇ ಕೂಡಿಸಿಕೊಳ್ಳುತ್ತಾರೆ.

ಪ್ಲೇಬ್ಯಾಕ್

ಹಾಡುವ ಭಾಗದ ಶೂಟ್‌ನಲ್ಲಿ ಜೋರಾಗಿ ಹಾಡು ಹಾಕಿ ಅದರ ಜೊತೆ ಹಾಡಿಸುವುದು ಎಲ್ಲರಿಗೂ ಗೊತ್ತು. ಶುರುವಿಗೆ ಎಂಟು ಬೀಟ್‌ನ ಕ್ಲಿಕ್ ಸೇರಿಸಿದ ಫೈಲ್ ಮಾಡಿಕೊಂಡಿದ್ದೆ, ಪ್ರತಿ ಟೇಕ್‌ಗೂ ಉಸಿರು ತೆಗೆದುಕೊಳ್ಳಲು ಸಮಯ ಸಿಗಲಿ ಅಂತ. ಕ್ಯಾಮೆರಾದ ಮೈಕ್ ಆನ್ ಇರಲೇಬೇಕು, ಎಡಿಟ್‌ನಲ್ಲಿ ಅಲೆಯ ಆಕಾರ ನೋಡಿ ಕೂರಿಸಲು ಅದೇ ಆಧಾರ.

ಸ್ಪೀಕರ್ ಗಾಯಕಿಯ ಹತ್ತಿರ ಇಟ್ಟೆವು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಹದಿನಾಲ್ಕು ಮೀಟರ್ ದೂರಕ್ಕೆ ಒಂದು ಫ್ರೇಮ್ ತಡ. ಪುಟ್ಟ ಕೋಣೆಯಲ್ಲಿ ಇದು ಲೆಕ್ಕಕ್ಕಿಲ್ಲ, ದೊಡ್ಡ ಬಯಲಿನಲ್ಲಿ ಶೂಟ್ ಮಾಡುವವರು ನೆನಪಿಡಿ. ಬ್ಲೂಟೂತ್ ಬೇಡ, ವೈರ್ ಹಾಕಿ. ಬ್ಲೂಟೂತ್‌ನ ತಡ ಇದಕ್ಕಿಂತ ಬಹಳ ಜಾಸ್ತಿ.

ಮತ್ತೆ, ಗಾಯಕಿ ನಿಜವಾಗಿ ಹಾಡಬೇಕು. ಬರೀ ತುಟಿ ಆಡಿಸಿದರೆ ಕುತ್ತಿಗೆಯ ನರ, ಉಸಿರಿಗೆ ಏರುವ ಭುಜ ಯಾವುದೂ ಇರುವುದಿಲ್ಲ, ಕ್ಲೋಸ್‌ಅಪ್‌ನಲ್ಲಿ ಅದು ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ಹಾಡಿದರೆ ಗಂಟಲು ಸೋಲುತ್ತದೆ, ಆದ್ದರಿಂದ ಕ್ಲೋಸ್‌ಅಪ್‌ಗಳನ್ನು ಮೊದಲು, ದೂರದ ಶಾಟ್‌ಗಳನ್ನು ಕೊನೆಗೆ ತೆಗೆದೆವು. ನಕ್ಷೆಯಲ್ಲಿ ಎಲ್ಲ ಬರೆದಿದ್ದರೂ ಒಂದು ಮಿಡ್ ಕ್ಲೋಸ್ ಟೇಕ್ ಮಾತ್ರ ಮೊದಲಿನಿಂದ ಕೊನೆವರೆಗೆ ನಿಲ್ಲಿಸದೆ ತೆಗೆದಿಟ್ಟೆವು. ಯಾವ ಕಟ್‌ಅವೇ ಕೈಕೊಟ್ಟರೂ ಕೆಳಗೆ ಅದು ಇರುತ್ತದೆ.

ಕೊನೆಯ ಪಲ್ಲವಿಯ ಮೊದಲ ಎಂಟು ಬಾರ್ ಸ್ವಲ್ಪ ತೇಲುವಂತೆ ಬೇಕಿತ್ತು, ಆದರೆ ತುಟಿ ಕೂರಬೇಕು. ಅದಕ್ಕೆ ಹಾಡನ್ನು ಒಂದೂಕಾಲು ಪಟ್ಟು ವೇಗದಲ್ಲಿ ನುಡಿಸಿ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಶೂಟ್ ಮಾಡಿ, 24ರಲ್ಲಿ ಓಡಿಸುವುದು. ಆಗ ಚಲನೆ ಶೇಕಡಾ 80 ವೇಗಕ್ಕೆ ಇಳಿಯುತ್ತದೆ, ತುಟಿ ಮೂಲ ಹಾಡಿಗೇ ಕೂರುತ್ತದೆ. ಶ್ರುತಿ ಬದಲಾಗದಂತೆ ವೇಗ ಏರಿಸಲು ಈ ಆಜ್ಞೆ ಸಾಕು:

```
ffmpeg -i song.wav -filter:a "atempo=1.25" song_125.wav
```

96 ಬಿಪಿಎಂ ಈಗ 120 ಆಯಿತು. ಎರಡು ಪಟ್ಟು ಮಾಡಿ 48 ಫ್ರೇಮ್‌ನಲ್ಲಿ ತೆಗೆದರೆ ಇನ್ನೂ ಚೆನ್ನಾಗಿ ತೇಲುತ್ತದೆ, ಆದರೆ 192 ಬಿಪಿಎಂಗೆ ಒತ್ತಕ್ಷರಗಳನ್ನು ನುಂಗದೆ ಹಾಡುವುದು ಕಷ್ಟ, ನುಂಗಿದ್ದು ನಿಧಾನ ಮಾಡಿದಾಗ ಎದ್ದು ಕಾಣುತ್ತದೆ. 1.25 ಅನ್ನು ಗಾಯಕಿ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ಇಲ್ಲಿ ಒಂದು ಸಣ್ಣ ಕಂದಕ ಇದೆ. ಬಹಳ ಕ್ಯಾಮೆರಾಗಳಲ್ಲಿ "30" ಅಂದರೆ ನಿಜಕ್ಕೂ 29.97. ಟೈಮ್‌ಲೈನ್ 23.976 ಇದ್ದರೆ ಅನುಪಾತ ಸರಿಯಾಗಿ 1.25 ಬರುತ್ತದೆ, ತೊಂದರೆ ಇಲ್ಲ. ಟೈಮ್‌ಲೈನ್ ನಿಖರ 24 ಆಗಿ, ಕ್ಯಾಮೆರಾ 29.97 ಆಗಿದ್ದರೆ ಸಾವಿರಕ್ಕೆ ಒಂದರಷ್ಟು ಜಾರುತ್ತದೆ. ಎಂಟು ಬಾರ್‌ಗೆ ಅರ್ಧ ಫ್ರೇಮ್, ಯಾರಿಗೂ ಕಾಣದು. ಪೂರ್ತಿ ಹಾಡನ್ನು ಹೀಗೆ ತೆಗೆದರೆ ಕೊನೆಗೆ ಐದು ಫ್ರೇಮ್ ಆಚೆ ಇರುತ್ತದೆ. ಶುರುವಿನಲ್ಲಿ ಕೂತ ತುಟಿ ಮುಂದೆ ಹೋದಂತೆ ಬಿಡುತ್ತಾ ಹೋದರೆ ಇದೇ ಕಾರಣ, ಒಂದೇ ಅಳತೆಯಷ್ಟು ಎಲ್ಲ ಕಡೆ ತಪ್ಪಿದ್ದರೆ ಬರೀ ಸಿಂಕ್ ಸರಿಸಿದರೆ ಸಾಕು.

ಬ್ರಿಡ್ಜ್‌ನಿಂದ ಮುಖಕ್ಕೆ

ಗಾಯಕಿಯ ಬೇಡಿಕೆಗೆ ಉತ್ತರ ಇದು. ಬ್ರಿಡ್ಜ್‌ನ ಕೊನೆಯಲ್ಲಿ ಅಕ್ಕತಂಗಿ ಮಿಷನ್ ಎತ್ತಿಕೊಂಡು ಬಾಗಿಲು ದಾಟುತ್ತಾರೆ, ಖಾಲಿ ಕೋಣೆ ಒಂದು ಬಾರ್ ಉಳಿಯುತ್ತದೆ. ಮುಂದಿನ ಫ್ರೇಮ್‌ನಲ್ಲಿ ಅದೇ ಕೋಣೆ, ಅದೇ ಕೋನ, ನಡುವೆ ಗಾಯಕಿ. ಎರಡು ಎಳೆ ಸೇರುವುದು ಇಡೀ ವಿಡಿಯೊದಲ್ಲಿ ಇದೊಂದೇ ಕಡೆ, ಆದ್ದರಿಂದ ನಿಯಮ ಮುರಿದು ಕಥೆಯ ಈ ಶಾಟ್ ಮಾತ್ರ ಟ್ರೈಪಾಡ್ ಮೇಲೆ.

ಎರಡೂ ಶಾಟ್ ಒಂದೇ ದಿನ ತೆಗೆಯಲು ಆಗಲಿಲ್ಲ. ಹಾಗಾಗಿ ಮೊದಲನೆಯದು ತೆಗೆದಾಗಲೇ ಲೆನ್ಸ್, ಅಪರ್ಚರ್, ನೆಲದಿಂದ ಲೆನ್ಸಿನ ನಡುವಿಗೆ ಎತ್ತರ, ಎದುರು ಗೋಡೆಗೆ ದೂರ ಬರೆದುಕೊಂಡೆವು. ಟ್ರೈಪಾಡ್‌ನ ಮೂರು ಕಾಲಿಗೂ ನೆಲದ ಮೇಲೆ ಟೇಪ್. ಫೋಕಸ್ ಅನ್ನು ಗಾಯಕಿ ನಿಲ್ಲಲಿರುವ ಜಾಗಕ್ಕೇ ಇಟ್ಟು ಎರಡನ್ನೂ ತೆಗೆದೆವು, ಏಕೆಂದರೆ ಬಹಳ ಲೆನ್ಸ್‌ಗಳಲ್ಲಿ ಫೋಕಸ್ ಬದಲಿಸಿದರೆ ಫ್ರೇಮ್ ಕೂಡ ಕೊಂಚ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಎರಡನೇ ಸಲ ಮೊದಲ ಶಾಟ್‌ನ ಒಂದು ಫ್ರೇಮ್ ಅನ್ನು ಮಾನಿಟರ್ ಮೇಲೆ ಅರೆಪಾರದರ್ಶಕವಾಗಿ ಹಾಕಿ ಕಿಟಕಿಯ ಚೌಕಟ್ಟಿನ ಗೆರೆಗಳನ್ನು ಕೂಡಿಸಿದೆವು. ಬೆಳಕು ಮಾತ್ರ ಬಲ್ಬಿನಿಂದ ಹಗಲಿಗೆ ಹಾರುತ್ತದೆ. ಅದು ಬೇಕಾಗಿಯೇ ಬಿಟ್ಟದ್ದು, ಜಾಗ ಒಂದೇ, ಕಾಲ ಬೇರೆ ಅಂತ ಹೇಳುವುದು ಅದೇ ತಾನೇ.

ಈ ಎರಡನೇ ಶಾಟ್ 30 ಫ್ರೇಮ್‌ನದ್ದು. ಅಲ್ಲಿ 180 ಡಿಗ್ರಿ ಶಟರ್, ಅಂದರೆ ಪ್ರತಿ ಫ್ರೇಮ್‌ನ ಅರ್ಧ ಹೊತ್ತು ತೆರೆದಿರುವ ಶಟರ್, 1/60 ಸೆಕೆಂಡ್ ಆಗುತ್ತದೆ. ವಿದ್ಯುತ್ 50 ಹರ್ಟ್ಜ್ ಇರುವ ಕಡೆ, ಬಲ್ಬ್ ಉರಿಯುತ್ತಿದ್ದರೆ 1/60ರಲ್ಲಿ ಬೆಳಕು ಮಿಡಿಯುವ ಸಾಧ್ಯತೆ ಇರುತ್ತದೆ, ಆಗ 1/50ಕ್ಕೆ ಇಳಿಸುವುದು ಕ್ಷೇಮ. ನಮ್ಮದು ಕಿಟಕಿ ಬೆಳಕು ಮಾತ್ರ ಆದ್ದರಿಂದ ಆ ತಲೆನೋವು ಇರಲಿಲ್ಲ.

ಎಡಿಟ್‌ನಲ್ಲಿ

ನಕ್ಷೆಯ ಮೇಲೆ ಶಾಟ್ ಜೋಡಿಸುವುದು ಬೇಗ ಆಯಿತು. ಹೊತ್ತು ಹಿಡಿದದ್ದು ಗಾಯಕಿಗೆ ವಾಪಸ್ ಬರುವ ಕಟ್‌ಗಳು. ಕಥೆಗೆ ಹೋಗುವ ಕಟ್ ಎಲ್ಲಿ ಬೇಕಾದರೂ ಮಾಡಬಹುದು. ವಾಪಸ್ ಬರುವಾಗ ಪದದ ನಡುವೆ ಬಂದರೆ ಬಾಯಿ ಆಗಲೇ ತೆರೆದಿರುತ್ತದೆ, ಸಿಂಕ್ ಸರಿ ಇದ್ದರೂ ತಪ್ಪಿದಂತೆ ಕಾಣುತ್ತದೆ. ಸಾಲಿಗೆ ಮೊದಲಿನ ಉಸಿರಿಗೆ ಕಟ್ ಮಾಡಿದರೆ ಆ ಅನುಮಾನವೇ ಬರುವುದಿಲ್ಲ. ಉಸಿರಿಗೆ ಬೇಕಾದ್ದು ಸುಮಾರು ಅರ್ಧ ಬೀಟ್, ಏಳೆಂಟು ಫ್ರೇಮ್. ಅಂದರೆ ಕಟ್ ಬೀಟ್ ಮೇಲೆ ಬೀಳುವುದಿಲ್ಲ, ಅದಕ್ಕಿಂತ ಮುಂಚೆ ಬೀಳುತ್ತದೆ, ಬೀಟ್ ಮೇಲೆ ಬೀಳುವುದು ಪದ. ಎಲ್ಲ ಕಟ್ಟೂ ಬೀಟ್ ಮೇಲೇ ಬಿದ್ದರೆ ಹೇಗೂ ಸ್ವಲ್ಪ ಹೊತ್ತಿಗೆ ಮುಂದಿನದನ್ನು ನೋಡುಗರು ಮೊದಲೇ ಊಹಿಸುತ್ತಾರೆ.

ಸಿಂಕ್ ಪರೀಕ್ಷಿಸಲು ಪ, ಬ, ಮ ಹುಡುಕಿ. ಈ ಅಕ್ಷರಗಳಿಗೆ ತುಟಿ ಪೂರ್ತಿ ಮುಚ್ಚಲೇಬೇಕು, ಅಲ್ವಾ? ಸದ್ದಿನ ಅಲೆಯಲ್ಲಿ "ಬ" ಸಿಡಿಯುವ ಜಾಗದಲ್ಲಿ ತುಟಿ ಬಿಡುತ್ತಿರುವ ಫ್ರೇಮ್ ಇದ್ದರೆ ಕೂತಿದೆ. ಅ, ಕ, ಹ ನೋಡಿ ನಿರ್ಧರಿಸಲು ಹೋದರೆ ಎರಡು ಫ್ರೇಮ್ ಅತ್ತಿತ್ತ ಆದದ್ದೂ ಗೊತ್ತಾಗುವುದಿಲ್ಲ.

ನಕ್ಷೆಯಿಂದ ಒಂದು ಕಡೆ ದೂರ ಸರಿದೆವು. ಎರಡನೇ ಚರಣದಲ್ಲಿ ಮಿಷನ್ ಹೊಸ್ತಿಲಲ್ಲಿ ಸಿಕ್ಕುವ ಶಾಟ್ ಎರಡು ಬಾರ್‌ಗೆ ಬರೆದಿದ್ದೆ. ಆ ನಟಿ ಎಳೆದು, ಸೋತು, ಮಿಷನ್ ಮೇಲೇ ತಲೆ ಇಡುವಷ್ಟರಲ್ಲಿ ಎರಡು ಬಾರ್ ಮುಗಿಯುತ್ತಿತ್ತು, ತಲೆ ಇಟ್ಟದ್ದು ಕತ್ತರಿಗೆ ಹೋಗುತ್ತಿತ್ತು. ಅದನ್ನು ಮೂರು ಬಾರ್ ಮಾಡಿದೆ. ಒಂದು ಬಾರ್ ಎಲ್ಲಿಂದ ತರುವುದು? ಗಾಯಕಿಯಿಂದ ಅಲ್ಲ, ಎರಡನೇ ಪಲ್ಲವಿಯ ಚಕ್ರ ತಿರುಗಿಸುವ ಶಾಟ್‌ನಿಂದ. ಎರಡು ಬಾರ್ ಇದ್ದದ್ದು ಒಂದಕ್ಕೆ ಇಳಿಯಿತು. ಒಟ್ಟು ಹಾಗೇ 36. ಗಾಯಕಿಗೆ ಚರಣದಲ್ಲಿ ಹೋದದ್ದು ಪಲ್ಲವಿಯಲ್ಲಿ ಸಿಕ್ಕಿತು, ಅವರಿಗೆ ಅದೇ ಲಾಭ.

ನೆಟ್ಟಗೆ ಹಿಡಿದ ಫೋನಿನ ಪರದೆಗೆ ಬೇಕಾದ ಪುಟ್ಟ ತುಣುಕು ಮೊದಲ ಪಲ್ಲವಿಯಿಂದಲೇ ಬಂತು. ಅಲ್ಲಿ ಕಟ್‌ಅವೇ ಇಲ್ಲದ್ದರಿಂದ ಕಥೆ ಗೊತ್ತಿಲ್ಲದವರಿಗೂ ಆ 20 ಸೆಕೆಂಡ್ ತಾನೇ ನಿಲ್ಲುತ್ತದೆ. ಶೂಟ್ ಮಾಡುವಾಗಲೇ ಮಾನಿಟರ್ ಮೇಲೆ 9:16ರ ಎರಡು ಗೆರೆ ಎಳೆದು, ಪಲ್ಲವಿಯುದ್ದಕ್ಕೂ ಮುಖ ಮತ್ತು ಕೈ ಎರಡೂ ಆ ಗೆರೆಗಳ ಒಳಗೇ ಇರುವಂತೆ ಫ್ರೇಮ್ ಮಾಡಿಸಿದ್ದೆ. ಕಥೆಯ ಶಾಟ್‌ಗಳಿಗೆ ಆ ಕಟ್ಟುಪಾಡು ಹಾಕಲಿಲ್ಲ. ಇಬ್ಬರು ಒಂದು ಮಿಷನ್‌ನ ಎರಡು ತುದಿ ಹಿಡಿದದ್ದನ್ನು ಆ ಕಿರಿದಾದ ಚೌಕದಲ್ಲಿ ತೋರಿಸಲು ಹೋದರೆ ಒಬ್ಬರು ಹೊರಗೆ ಉಳಿಯುತ್ತಾರೆ.